ಪೇಜ್ ನಿಮ್ಮದು, ಅಡ್ಮಿನ್ ಯಾರು?

2013ರ ಜನವರಿ 31ರಂದು ಬ್ರಿಟನ್ನಿನ ಎಚ್‌ಎಂವಿ ಕಂಪನಿ ತನ್ನ ಕೆಲವು ನೌಕರರನ್ನು ಒಟ್ಟಿಗೆ ಕರೆದು ಮನೆಗೆ ಕಳಿಸುತ್ತಿತ್ತು. ಗ್ರಾಮೊಫೋನಿನ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರದಿಂದ ನಮ್ಮ ಅಜ್ಜಂದಿರಿಗೂ ಗೊತ್ತಿದ್ದ ಹೆಸರದು. ಸಿಡಿ ಕೊಳ್ಳುವವರು ಕಡಿಮೆಯಾಗಿ ಕಂಪನಿ ಸಾಲಕ್ಕೆ ಸಿಲುಕಿತ್ತು. ಸಭೆ ನಡೆಯುತ್ತಿದ್ದಂತೆಯೇ ಕಂಪನಿಯ ಅಧಿಕೃತ ಟ್ವಿಟರ್ ಖಾತೆಯಿಂದ ಒಂದೊಂದೇ ಸಂದೇಶ ಹೊರಬೀಳತೊಡಗಿತು. ಅರವತ್ತಕ್ಕೂ ಹೆಚ್ಚು ಮಂದಿಯನ್ನು ಏಕಕಾಲಕ್ಕೆ ತೆಗೆಯುತ್ತಿದ್ದಾರೆ, ಅದನ್ನು ಇಲ್ಲಿಂದಲೇ ನೇರಪ್ರಸಾರ ಮಾಡುತ್ತಿದ್ದೇವೆ ಎಂದು ಕಂಪನಿಯ ಹೆಸರಿನಲ್ಲೇ ಜಗತ್ತಿಗೆ ಸುದ್ದಿ ಹೋಯಿತು. ಟ್ವಿಟರ್ ಮುಚ್ಚುವುದು ಹೇಗೆ ಎಂದು ಮಾರ್ಕೆಟಿಂಗ್ ಮುಖ್ಯಸ್ಥರು ಈಗಷ್ಟೇ ಕೇಳುತ್ತಿದ್ದರು ಎಂಬುದು ಅದರಲ್ಲಿ ಹೆಚ್ಚು ನಗೆ ತರಿಸಿದ ಸಾಲು. ಎರಡು ವರ್ಷದ ಹಿಂದೆ ಈ ಖಾತೆ ತೆರೆದದ್ದು ಸಂಬಳವಿಲ್ಲದ ಒಬ್ಬ ಇಂಟರ್ನ್ ಎಂದೂ ಅದೇ ಸರಣಿಯ ಇನ್ನೊಂದು ಟ್ವೀಟ್ ಹೇಳಿತು.

ನಕ್ಕವರು ನಕ್ಕರು. ಆದರೆ ಆ ಮುಖ್ಯಸ್ಥರ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ನಮ್ಮ ಊರಿನ ಬಟ್ಟೆ ಅಂಗಡಿ, ಬೇಕರಿ, ಡೆಂಟಲ್ ಕ್ಲಿನಿಕ್, ಯಕ್ಷಗಾನ ಮೇಳ, ಹೋಮ್‌ಸ್ಟೇಗಳ ಮುಂದಿಟ್ಟರೆ ನಗು ನಿಲ್ಲುತ್ತದೆ. ನಿಮ್ಮ ಇನ್‌ಸ್ಟಾಗ್ರಾಂ ನೋಡಿಕೊಳ್ಳುವ ಹುಡುಗ ನಾಳೆಯಿಂದ ಬರುವುದಿಲ್ಲ ಎಂದರೆ ಅವನ ಕೈಯಿಂದ ಅದನ್ನು ಬಿಡಿಸಿಕೊಳ್ಳುವುದು ಹೇಗೆ? ಪಾಸ್‌ವರ್ಡ್ ಬದಲಿಸಿದರಾಯಿತು ಎನ್ನುವವರೇ ಹೆಚ್ಚು. ಹಾಗಾಗದ ಸಂದರ್ಭಗಳೂ ಸಾಕಷ್ಟಿವೆ.

ಧಾರವಾಡದಲ್ಲಿ ಇಳಕಲ್ ಸೀರೆ ಮಾರುವ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾಲ್ಕು ವರ್ಷದಿಂದ ಫೇಸ್‌ಬುಕ್ ಪೇಜ್ ಇದೆ, ಇನ್‌ಸ್ಟಾಗ್ರಾಂನಲ್ಲಿ ಹತ್ತು ಹನ್ನೊಂದು ಸಾವಿರ ಫಾಲೋವರ್ಸ್ ಇದ್ದಾರೆ, ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಗುರುತು ಇದೆ. ಆರ್ಡರಿನ ಬಹುಪಾಲು ಬರುವುದು ಪುಣೆ, ಬೆಂಗಳೂರು, ಅಮೆರಿಕದಲ್ಲಿರುವ ಕನ್ನಡಿಗರಿಂದ, ಅದೂ ಮೆಸೇಜಿನ ಮೂಲಕ. ಸೀರೆ ಮಡಚುವುದೋ ಮೆಸೇಜಿಗೆ ಉತ್ತರ ಕೊಡುವುದೋ ಎಂಬ ಸ್ಥಿತಿ ಬಂದಾಗ ಹುಬ್ಬಳ್ಳಿಯ ಒಬ್ಬ ಫ್ರೀಲಾನ್ಸರ್‌ಗೆ ಕೆಲಸ ಒಪ್ಪಿಸುತ್ತಾರೆ. ತಿಂಗಳಿಗೆ ಎಂಟು ರೀಲ್, ಮೆಸೇಜಿಗೆ ಉತ್ತರ, ದಿನಕ್ಕೆ 200 ರೂಪಾಯಿಯ ಜಾಹೀರಾತು ಅವನ ಪಾಲಿಗೆ. ಕೆಲಸ ಒಪ್ಪಿಕೊಂಡ ಸಂಜೆಯೇ ಅವನ ಫೋನ್ ಬರುತ್ತದೆ: "ಅಕ್ಕಾರ, ಪಾಸ್‌ವರ್ಡ್ ಒಂದ್ ವಾಟ್ಸಾಪ್ ಮಾಡ್ರಿ, ಉಳದದ್ದೆಲ್ಲಾ ನಾ ನೋಡ್ಕೋತೀನಿ."

ಅವನಲ್ಲಿ ಕೆಟ್ಟ ಉದ್ದೇಶವಿದೆ ಎಂದಲ್ಲ. ಎಲ್ಲರೂ ಹಾಗೇ ಕೇಳುತ್ತಾರೆ, ಎಲ್ಲರೂ ಹಾಗೇ ಕೊಡುತ್ತಾರೆ. ಮರುದಿನ ಹುಬ್ಬಳ್ಳಿಯ ಲ್ಯಾಪ್‌ಟಾಪಿನಿಂದ ಅವನು ಲಾಗಿನ್ ಆಗಲು ಹೋದಾಗ, ಇಷ್ಟು ದಿನ ಧಾರವಾಡದ ಒಂದೇ ಫೋನಿನಲ್ಲಿ ತೆರೆಯುತ್ತಿದ್ದ ಖಾತೆ ಹೊಸ ಜಾಗ, ಹೊಸ ಯಂತ್ರದಿಂದ ತೆರೆಯುತ್ತಿರುವುದು ಇನ್‌ಸ್ಟಾಗ್ರಾಂಗೆ ಅನುಮಾನ ಹುಟ್ಟಿಸುತ್ತದೆ. ಓಟಿಪಿ ಹೋಗುವುದು ಒಡತಿಯ ಫೋನಿಗೆ.

"ಅಕ್ಕಾರ, ಓಟಿಪಿ ಬಂದೈತಿ ನೋಡ್ರಿ, ಲಗೂನ ಹೇಳ್ರಿ."

"ತಡೀಪಾ, ಮದವಿ ಮನ್ಯಾಗ ಅದೀನಿ, ಚಷ್ಮಾ ತಂದಿಲ್ಲ."

ಇಂಥದ್ದು ನಾಲ್ಕು ಸಲ ನಡೆದ ಮೇಲೆ ಇಬ್ಬರಿಗೂ ಬೇಸರವಾಗುತ್ತದೆ. ಎರಡು ಹಂತದ ಭದ್ರತೆಯನ್ನು ತೆಗೆದುಬಿಡೋಣ, ಇಲ್ಲವೇ ನಿನ್ನ ನಂಬರನ್ನೇ ಹಾಕಿಕೋ ಎಂದು ತೀರ್ಮಾನವಾಗುತ್ತದೆ. ನಿಜವಾದ ಅಪಾಯ ಶುರುವಾಗುವುದು ಇಲ್ಲಿಂದ. ಪಾಸ್‌ವರ್ಡ್ ಮರೆತರೆ ಹೊಸದನ್ನು ಕಳಿಸುವುದು ಖಾತೆಯಲ್ಲಿ ನೋಂದಾಯಿಸಿದ ಫೋನಿಗೆ ಮತ್ತು ಇಮೇಲಿಗೆ. ಆ ನಂಬರ್ ಅವನದಾದ ಗಳಿಗೆಯಿಂದ, ಇನ್‌ಸ್ಟಾಗ್ರಾಂನ ಲೆಕ್ಕದಲ್ಲಿ ಒಡೆಯನೂ ಅವನೇ. ಅವನು ಸಿಮ್ ಬದಲಿಸಿದರೆ, ಫೋನ್ ಕಳೆದುಕೊಂಡರೆ, ಅಥವಾ ಎರಡು ತಿಂಗಳ ಬಾಕಿಯ ಮೇಲೆ ಮುನಿಸಿಕೊಂಡರೆ ಒಡತಿ ತನ್ನ ಅಂಗಡಿಯ ಹೊರಗೆ ನಿಲ್ಲಬೇಕಾಗುತ್ತದೆ.

ಇಂಥ ಜಗಳ ಕೋರ್ಟಿನವರೆಗೂ ಹೋಗಿರುವುದುಂಟು. ಅಮೆರಿಕದ ಲಿಂಡಾ ಈಗಲ್ ಬ್ಯಾಂಕ್ ನೌಕರರಿಗೆ ತರಬೇತಿ ಕೊಡುವ ಎಡ್‌ಕಾಮ್ ಎಂಬ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ಅವರ ಲಿಂಕ್ಡ್‌ಇನ್ ಖಾತೆಯನ್ನು ನೋಡಿಕೊಳ್ಳಲು ಸಿಬ್ಬಂದಿ ನೆರವಾಗುತ್ತಿದ್ದರು, ಹಾಗಾಗಿ ಪಾಸ್‌ವರ್ಡ್ ಅವರ ಬಳಿಯೂ ಇತ್ತು. ಸಂಸ್ಥೆ ಬೇರೆಯವರ ಕೈಗೆ ಹೋಯಿತು, 2011ರ ಜೂನ್‌ನಲ್ಲಿ ಈಗಲ್ ಅವರನ್ನು ಹೊರಗೆ ಹಾಕಲಾಯಿತು. ಬೆನ್ನಲ್ಲೇ ಸಂಸ್ಥೆ ಆ ಪಾಸ್‌ವರ್ಡಿನಿಂದ ಒಳಹೊಕ್ಕು, ಅದನ್ನು ಬದಲಿಸಿ, ಅವರ ಹೆಸರು ಮತ್ತು ಫೋಟೊ ಇದ್ದಲ್ಲಿ ಹೊಸ ಮುಖ್ಯಸ್ಥೆಯ ಹೆಸರು, ಫೋಟೊ ಹಾಕಿತು. ಈಗಲ್ ಪಡೆದಿದ್ದ ಪ್ರಶಸ್ತಿಗಳ ವಿವರ ಮಾತ್ರ ಹಾಗೇ ಉಳಿದಿತ್ತು! 2013ರಲ್ಲಿ ಪೆನ್ಸಿಲ್ವೇನಿಯಾದ ನ್ಯಾಯಾಲಯ ಹೆಸರಿನ ದುರ್ಬಳಕೆಯೂ ಸೇರಿ ಕೆಲವು ಅಂಶಗಳಲ್ಲಿ ಅವರ ಪರ ತೀರ್ಪು ಕೊಟ್ಟಿತು. ಪರಿಹಾರದ ಹಣ ಮಾತ್ರ ಒಂದು ಡಾಲರೂ ಸಿಗಲಿಲ್ಲ, ನಷ್ಟ ಎಷ್ಟೆಂದು ಸಾಬೀತಾಗಿಲ್ಲ ಎಂಬ ಕಾರಣಕ್ಕೆ. ನಂಬಿಕೆಯಿಂದ ಕೊಟ್ಟ ಪಾಸ್‌ವರ್ಡನ್ನು ಇನ್ಯಾರೋ ಬಳಸಿದ್ದರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಫೇಸ್‌ಬುಕ್ಕಿನ ನಿಯಮಾವಳಿಯಂತೂ ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಡಬಾರದು ಎಂದು ನೇರವಾಗಿಯೇ ಹೇಳುತ್ತದೆ. ಹಾಗಾದರೆ ಕೆಲಸ ಒಪ್ಪಿಸುವುದು ಹೇಗೆ? ಇದಕ್ಕೆ ದಾರಿಯನ್ನು ಆ ಕಂಪನಿಗಳೇ ಮಾಡಿಟ್ಟಿವೆ. ಕೆಲಸಗಾರ ತನ್ನದೇ ಖಾತೆಯಿಂದ, ತನ್ನದೇ ಪಾಸ್‌ವರ್ಡಿನಿಂದ ಲಾಗಿನ್ ಆಗುತ್ತಾನೆ. ನಿಮ್ಮ ಪೇಜಿನಲ್ಲಿ ಅವನು ಏನೇನು ಮಾಡಬಹುದು ಎಂಬುದನ್ನು ನೀವು ಟಿಕ್ ಹಾಕಿ ಕೊಡುತ್ತೀರಿ. ಬೇಡವೆನಿಸಿದ ದಿನ ಟಿಕ್ ತೆಗೆಯುತ್ತೀರಿ. ಓಟಿಪಿ ಅವನಿಗೆ ಅವನ ಫೋನಿನಲ್ಲೇ ಬರುತ್ತದೆ, ಮದುವೆ ಮನೆಯಲ್ಲಿ ಚಷ್ಮಾ ಹುಡುಕುವ ಪ್ರಮೇಯವಿಲ್ಲ.

ಧಾರವಾಡದ ಅಂಗಡಿಗೆ ಇದನ್ನು ಮಾಡಿ ನೋಡೋಣ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡೂ ಮೆಟಾ ಕಂಪನಿಯವು. ಅದು ವ್ಯಾಪಾರಿಗಳಿಗೆಂದು `business.facebook.com` ಎಂಬ ಪ್ರತ್ಯೇಕ ಜಾಗ ಇಟ್ಟಿದೆ. ಅಲ್ಲಿ ಅಂಗಡಿಯ ಹೆಸರಿನಲ್ಲಿ ಒಂದು ಬಿಸಿನೆಸ್ ಪೋರ್ಟ್‌ಫೋಲಿಯೊ ತೆರೆಯಬೇಕು. ಹಿಂದೆ ಇದನ್ನು ಬಿಸಿನೆಸ್ ಮ್ಯಾನೇಜರ್ ಎನ್ನುತ್ತಿದ್ದರು, ಹಳೆಯ ಕೈಗಳು ಈಗಲೂ ಹಾಗೇ ಕರೆಯುತ್ತಾರೆ. ಪೇಜ್, ಇನ್‌ಸ್ಟಾಗ್ರಾಂ ಖಾತೆ, ಜಾಹೀರಾತಿನ ಆಡ್ ಅಕೌಂಟ್ ಮೂರೂ ಇದರೊಳಗೆ ಬರುತ್ತವೆ. ಇನ್‌ಸ್ಟಾಗ್ರಾಂ ಖಾತೆ ವೈಯಕ್ತಿಕವಾಗಿದ್ದರೆ ಮೊದಲು ಅದನ್ನು ಪ್ರೊಫೆಷನಲ್ ಖಾತೆಯಾಗಿ ಬದಲಿಸಿ ಪೇಜಿಗೆ ಜೋಡಿಸಬೇಕು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಈ ಪೋರ್ಟ್‌ಫೋಲಿಯೊ ತೆರೆಯುವ ಕೆಲಸ ಒಡತಿಯ ಸ್ವಂತ ಫೇಸ್‌ಬುಕ್ ಖಾತೆಯಿಂದಲೇ ಆಗಬೇಕು. "ನೀವ್ಯಾಕ ತ್ರಾಸ ತಗೋತೀರಿ, ನಾನ ಮಾಡ್ಕೊಡ್ತೀನಿ" ಎಂದು ಹುಡುಗ ಹೇಳಬಹುದು. ಅವನು ಪಕ್ಕದಲ್ಲಿ ಕೂತು ತೋರಿಸಲಿ, ಬೆರಳು ಒಡತಿಯದೇ ಇರಲಿ. ಪೂರ್ಣ ನಿಯಂತ್ರಣ ಒಡತಿಗೆ ಇರುವಂತೆ ಇನ್ನೊಬ್ಬ ನಂಬಿಕಸ್ಥರಿಗೂ ಇರಬೇಕು, ಬೆಂಗಳೂರಿನಲ್ಲಿರುವ ಮಗಳಿಗೆ ಎಂದಿಟ್ಟುಕೊಳ್ಳಿ. ಒಡತಿಯ ಖಾತೆ ಯಾವ ಕಾರಣಕ್ಕೋ ಲಾಕ್ ಆದರೆ ಒಳಗೆ ಹೋಗಲು ಇನ್ನೊಂದು ಬಾಗಿಲು ಬೇಕಲ್ಲ! ಇಬ್ಬರೂ ತಮ್ಮ ಫೇಸ್‌ಬುಕ್ ಖಾತೆಗೆ ಎರಡು ಹಂತದ ಭದ್ರತೆ ಹಾಕಿಕೊಂಡಿರಬೇಕು. ಪೇಜಿನ ಭದ್ರತೆ ನಿಂತಿರುವುದು ಈ ಇಬ್ಬರ ಖಾತೆಯ ಮೇಲೆ.

ಇದಾದ ಮೇಲೆ ಸೆಟ್ಟಿಂಗ್ಸ್‌ನ `People` ಎಂಬಲ್ಲಿ ಹುಡುಗನ ಇಮೇಲ್ ಹಾಕಿ ಆಹ್ವಾನ ಕಳಿಸುವುದು. ಪೋರ್ಟ್‌ಫೋಲಿಯೊದ ಮಟ್ಟದಲ್ಲಿ ಅವನಿಗೆ ಕನಿಷ್ಠ ಪ್ರವೇಶ ಸಾಕು. ಮುಂದಿನ ಪರದೆಯಲ್ಲಿ ಯಾವ ಪೇಜ್, ಯಾವ ಖಾತೆ, ಅದರಲ್ಲಿ ಯಾವ ಕೆಲಸ ಎಂದು ಕೇಳುತ್ತದೆ. ಪೇಜಿಗೂ ಇನ್‌ಸ್ಟಾಗ್ರಾಂಗೂ ಪೋಸ್ಟ್ ಹಾಕುವುದು, ಮೆಸೇಜ್, ಕಾಮೆಂಟ್, ಜಾಹೀರಾತು, ಅಂಕಿಅಂಶ ನೋಡುವುದು ಇವಕ್ಕೆಲ್ಲ ಟಿಕ್ ಹಾಕಬಹುದು. ಅದೇ ಪರದೆಯಲ್ಲಿ ಪ್ರತ್ಯೇಕವಾಗಿ ಇರುವ `Full control` ಎಂಬುದನ್ನು ಮುಟ್ಟಬಾರದು. ಆ ಒಂದು ಗುಂಡಿ ಒತ್ತಿದರೆ ಅವನು ಬೇರೆಯವರನ್ನು ಸೇರಿಸಬಹುದು, ಒಡತಿಯನ್ನೇ ತೆಗೆದುಹಾಕಬಹುದು, ಪೇಜ್ ಅಳಿಸಲೂಬಹುದು. ಜಾಹೀರಾತು ಓಡಿಸಲು ಪೂರ್ಣ ನಿಯಂತ್ರಣ ಬೇಕೇ ಬೇಕು ಎಂದು ಯಾರಾದರೂ ಹೇಳಿದರೆ ಅದು ತಪ್ಪು ಮಾಹಿತಿ. ಗುಂಡಿಗಳ ಜಾಗ, ಪದ ಆರು ತಿಂಗಳಿಗೊಮ್ಮೆ ಬದಲಾಗುವುದು ಮೆಟಾದ ಹಳೆಯ ಚಾಳಿ. ಆದರೆ ಪೂರ್ಣ ಮತ್ತು ಭಾಗಶಃ ಎಂಬ ವ್ಯತ್ಯಾಸ ಎಲ್ಲ ಆವೃತ್ತಿಗಳಲ್ಲೂ ಕಣ್ಣಿಗೆ ಬೀಳುತ್ತದೆ.

ಸಾಮಾನ್ಯವಾಗಿ ಸಿಕ್ಕಿಕೊಳ್ಳುವ ಒಂದು ಜಾಗವಿದೆ. ಎಲ್ಲ ಸರಿಯಾಗಿ ಕೊಟ್ಟರೂ ಇನ್‌ಸ್ಟಾಗ್ರಾಂ ಮೆಸೇಜುಗಳು ಹುಡುಗನಿಗೆ ಕಾಣುತ್ತಿಲ್ಲ ಎಂದರೆ, ಒಡತಿಯ ಫೋನಿನ ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಮೆಸೇಜಿಗೆ ಸಂಬಂಧಿಸಿದ ಭಾಗಕ್ಕೆ ಹೋಗಿ `Allow access to messages` ಎಂಬುದನ್ನು ಆನ್ ಮಾಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಕೊನೆಗೆ ಪಾಸ್‌ವರ್ಡಿಗೇ ಮರಳುತ್ತಾರೆ.

ಹಣದ ವಿಷಯಕ್ಕೆ ಬರೋಣ. ಆಡ್ ಅಕೌಂಟಿನಲ್ಲಿ ಹುಡುಗನಿಗೆ ಜಾಹೀರಾತು ನಡೆಸುವ ಅನುಮತಿ ಕೊಟ್ಟರೆ ಅವನು ಜಾಹೀರಾತು ಮಾಡಬಹುದು, ನಿಲ್ಲಿಸಬಹುದು, ಖರ್ಚೆಷ್ಟಾಯಿತು ನೋಡಬಹುದು. ಕಾರ್ಡ್ ಬದಲಿಸುವಂಥ ಹಣದ ವ್ಯವಸ್ಥೆ ಒಡತಿಯ ಬಳಿಯೇ ಉಳಿಯುತ್ತದೆ. ಆದರೆ ಅವನು ದಿನಕ್ಕೆ 200ರ ಬದಲು ಕೈತಪ್ಪಿ 20,000 ಎಂದು ಬರೆದರೆ? ಪಾವತಿಯ ಸೆಟ್ಟಿಂಗ್ಸ್‌ನಲ್ಲಿ ಇಡೀ ಖಾತೆಗೆ ಖರ್ಚಿನ ಮಿತಿ ಹಾಕುವ ಸೌಲಭ್ಯ ಇರುವುದು ಇದಕ್ಕಾಗಿಯೇ. ತಿಂಗಳಿಗೆ 6,000 ರೂಪಾಯಿ ಎಂದು ಮಾತಾಗಿದ್ದರೆ ಅಷ್ಟನ್ನೇ ಮಿತಿಯಾಗಿ ಇಟ್ಟರಾಯಿತು. ಆ ಮೊತ್ತ ಮುಟ್ಟಿದ ಕೂಡಲೇ ಜಾಹೀರಾತು ತಾನಾಗಿ ನಿಲ್ಲುತ್ತದೆ, ಮುಂದಿನ ತಿಂಗಳು ಒಡತಿ ಮಿತಿಯನ್ನು ಮತ್ತೆ ತೆರೆಯಬೇಕು. ಎರಡು ಸೊನ್ನೆ ಹೆಚ್ಚು ಬಿದ್ದದ್ದು ಪ್ರಾಮಾಣಿಕ ತಪ್ಪೋ ಅಲ್ಲವೋ ಎಂಬ ಚರ್ಚೆ 6,000ದ ಒಳಗೇ ಮುಗಿಯುತ್ತದೆ.

ಇನ್ನೊಂದು ಲಾಭವಿದೆ, ಅದು ಜಗಳ ಬಂದಾಗಷ್ಟೇ ನೆನಪಾಗುತ್ತದೆ. ಪಾಸ್‌ವರ್ಡ್ ಹಂಚಿಕೊಂಡಾಗ ಎಲ್ಲರೂ ಒಂದೇ ಹೆಸರಿನಲ್ಲಿ ಒಳಗಿರುತ್ತಾರೆ. ಹಬ್ಬದ ದಿನ ಗಿರಾಕಿಗೆ ಒರಟಾಗಿ ಉತ್ತರ ಕೊಟ್ಟದ್ದು ಯಾರು, ಹಳೆಯ ಪೋಸ್ಟ್ ಅಳಿಸಿದ್ದು ಯಾರು ಎಂಬುದಕ್ಕೆ ಗುರುತೇ ಸಿಗುವುದಿಲ್ಲ. ಪಾಲುದಾರರೂ ಬೈಸಿಕೊಳ್ಳುತ್ತಾರೆ, ಕೆಲಸದ ಹುಡುಗನೂ ಬೈಸಿಕೊಳ್ಳುತ್ತಾನೆ. ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲಿ ಪ್ರವೇಶ ಕೊಟ್ಟಿದ್ದರೆ ಫೇಸ್‌ಬುಕ್ ಪೇಜಿನ ಪೋಸ್ಟಿನಲ್ಲಿ ಯಾರು ಹಾಕಿದ್ದೆಂಬ `Published by` ಎಂಬ ಸಾಲು ಪೇಜ್ ನಡೆಸುವವರಿಗೆ ಮಾತ್ರ ಕಾಣುತ್ತದೆ. ಇದರಿಂದ ಫ್ರೀಲಾನ್ಸರ್‌ಗೂ ರಕ್ಷಣೆ. ಅವನು ಕೆಲಸ ಬಿಟ್ಟ ಮೂರು ತಿಂಗಳ ನಂತರ ಖಾತೆ ಹ್ಯಾಕ್ ಆದರೆ ಮೊದಲ ಅನುಮಾನ ಪಾಸ್‌ವರ್ಡ್ ಗೊತ್ತಿದ್ದವನ ಮೇಲೇ ಬೀಳುವುದು. ಕಸುಬು ಬಲ್ಲ ಫ್ರೀಲಾನ್ಸರ್‌ಗಳು ಪಾಸ್‌ವರ್ಡ್ ಕೊಟ್ಟರೂ ತೆಗೆದುಕೊಳ್ಳದಿರುವುದು ಈ ಕಾರಣಕ್ಕೆ.

ಇಷ್ಟೆಲ್ಲ ಸರಿ. ಆದರೆ ಪಾಸ್‌ವರ್ಡ್ ಕೊಡದೆಯೂ ಪೇಜ್ ಕಳೆದುಕೊಳ್ಳುವ ಒಂದು ದಾರಿ ಇದೆ, ಮತ್ತು ಅದರಲ್ಲಿ ಬೀಳುವವರು ಹೆಚ್ಚಾಗಿ ಎಚ್ಚರಿಕೆಯಿಂದಲೇ ಇದ್ದವರು.

ಹತ್ತಾರು ಗಿರಾಕಿಗಳಿರುವ ಫ್ರೀಲಾನ್ಸರ್‌ಗಳು, ಏಜೆನ್ಸಿಗಳು ತಮ್ಮದೇ ಬಿಸಿನೆಸ್ ಪೋರ್ಟ್‌ಫೋಲಿಯೊ ಇಟ್ಟುಕೊಂಡಿರುತ್ತಾರೆ. ಅದರಿಂದ ಅಂಗಡಿಯ ಪೇಜಿಗೆ ಎರಡು ಬಗೆಯಲ್ಲಿ ಕೈ ಚಾಚಬಹುದು. ಒಂದರಲ್ಲಿ, ಈ ಪೇಜಿನಲ್ಲಿ ಕೆಲಸ ಮಾಡಲು ನಮಗೆ ಪ್ರವೇಶ ಕೊಡಿ ಎಂದು ಕೇಳುವುದು. ಇನ್ನೊಂದರಲ್ಲಿ, ಈ ಪೇಜನ್ನು ನಮ್ಮ ಪೋರ್ಟ್‌ಫೋಲಿಯೊಗೇ ಸೇರಿಸಿಕೊಳ್ಳುತ್ತೇವೆ ಎಂದು ಹಕ್ಕು ಹೂಡುವುದು, ಪರದೆಯ ಮೇಲೆ `claim` ಎಂದು ಬರುವುದು ಇದೇ. ಹೊಲವನ್ನು ಲಾವಣಿಗೆ ಕೊಡುವುದಕ್ಕೂ ಪಹಣಿಯಲ್ಲಿ ಹೆಸರು ಬದಲಿಸುವುದಕ್ಕೂ ಇರುವಷ್ಟೇ ಅಂತರ ಇವೆರಡರ ನಡುವೆ ಇದೆ. ಆದರೆ ಒಡತಿಯ ಫೋನಿಗೆ ಬರುವುದು ಎರಡೂ ಸಲ ಒಂದು ನೋಟಿಫಿಕೇಶನ್, ಕೆಳಗೆ ಒಪ್ಪಿಗೆಯ ಗುಂಡಿ. ಹುಡುಗ ಫೋನಿನಲ್ಲಿ "ಒಂದ್ ರಿಕ್ವೆಸ್ಟ್ ಬಂದೈತಿ, ಒತ್ತಿಬಿಡ್ರಿ" ಎನ್ನುತ್ತಾನೆ, ಒಡತಿ ಒತ್ತುತ್ತಾರೆ. ಹಕ್ಕು ಹೂಡುವ ಕೋರಿಕೆಯನ್ನು ಒಪ್ಪಿದರೆ ಅಲ್ಲಿಂದ ಮುಂದೆ ಪೇಜ್ ಏಜೆನ್ಸಿಯ ಪೋರ್ಟ್‌ಫೋಲಿಯೊದ ಆಸ್ತಿ. ಅದನ್ನು ಹೊರತರಲು ಅವರ ಸಹಿ ಬೇಕು.

ಆಡ್ ಅಕೌಂಟಿನ ವಿಷಯದಲ್ಲಿ ಇದು ಇನ್ನೂ ಬಿಗಿ. ಒಂದು ಪೋರ್ಟ್‌ಫೋಲಿಯೊದೊಳಗೆ ಸೇರಿದ ಆಡ್ ಅಕೌಂಟನ್ನು ಆಮೇಲೆ ಹೊರತೆಗೆದು ಬೇರೆ ಕಡೆ ಇಡಲು ಬರುವುದಿಲ್ಲ. ಎರಡು ವರ್ಷ ಓಡಿಸಿದ ಜಾಹೀರಾತಿನ ಇತಿಹಾಸ, ಯಾವ ಊರಿನ ಯಾವ ವಯಸ್ಸಿನವರು ಸೀರೆ ಕೊಂಡರು ಎಂಬ ತಿಳಿವಳಿಕೆ ಎಲ್ಲ ಅಲ್ಲೇ ಉಳಿಯುತ್ತದೆ. ಹೊಸ ಫ್ರೀಲಾನ್ಸರ್ ಬಂದಾಗ ಒಡತಿ ಸೊನ್ನೆಯಿಂದ ಶುರು ಮಾಡಬೇಕು. ನಮ್ಮ ಅಕೌಂಟಿನಿಂದಲೇ ಜಾಹೀರಾತು ಓಡಿಸುತ್ತೇವೆ, ನೀವು ಜಿಪೇ ಮಾಡಿದರೆ ಸಾಕು ಎಂಬ ಅನುಕೂಲದ ಮಾತಿನ ಹಿಂದೆ ಈ ಬೆಲೆ ಅಡಗಿದೆ.

ಸರಿಯಾದ ಕ್ರಮದಲ್ಲಿ ಮಾತು ಹೊರಡುವುದು ಅಂಗಡಿಯ ಕಡೆಯಿಂದ. ಏಜೆನ್ಸಿ ತನ್ನ ಬಿಸಿನೆಸ್ ಐಡಿ ಎಂಬ ಉದ್ದನೆಯ ಸಂಖ್ಯೆಯನ್ನು ಕಳಿಸುತ್ತದೆ. ಒಡತಿ ತನ್ನ ಪೋರ್ಟ್‌ಫೋಲಿಯೊದ `Partners` ಎಂಬಲ್ಲಿ ಆ ಸಂಖ್ಯೆ ಹಾಕಿ, ಪಾಲುದಾರರಿಗೆ ನನ್ನ ಆಸ್ತಿಗಳಲ್ಲಿ ಪ್ರವೇಶ ಕೊಡುತ್ತೇನೆ ಎಂಬ ಆಯ್ಕೆಯನ್ನು ಆರಿಸಿ, ಮತ್ತೆ ಅದೇ ಟಿಕ್ಕುಗಳನ್ನು ಹಾಕುತ್ತಾರೆ. ಏಜೆನ್ಸಿಯಲ್ಲಿ ಯಾರು ಕೆಲಸಕ್ಕೆ ಸೇರಿದರು, ಯಾರು ಬಿಟ್ಟರು ಎಂಬುದು ಆಮೇಲೆ ಏಜೆನ್ಸಿಯ ತಲೆನೋವು. ಒಂದು ಸಂಖ್ಯೆಯನ್ನು ತೆಗೆದರೆ ಎಲ್ಲರೂ ಒಟ್ಟಿಗೆ ಹೊರಗೆ.

ಗೂಗಲ್ಲಿನಲ್ಲಿ ಇದೇ ಕೆಲಸ ಇನ್ನಷ್ಟು ಸರಳ. ಮ್ಯಾಪಿನಲ್ಲಿ ಅಂಗಡಿ ತೋರಿಸುವ ಬಿಸಿನೆಸ್ ಪ್ರೊಫೈಲಿನಲ್ಲಿ ಓನರ್, ಮ್ಯಾನೇಜರ್ ಎಂಬ ಎರಡು ಪಾತ್ರಗಳಿವೆ. ಫೋಟೊ ಹಾಕಲು, ರಿವ್ಯೂಗೆ ಉತ್ತರಿಸಲು, ದೀಪಾವಳಿಯ ವೇಳಾಪಟ್ಟಿ ಬದಲಿಸಲು ಮ್ಯಾನೇಜರ್ ಪಾತ್ರ ಸಾಕು. ಹೊಸದಾಗಿ ಸೇರಿದವರು ಮೊದಲ 7 ದಿನ ಪ್ರೊಫೈಲನ್ನು ಅಳಿಸುವುದಾಗಲೀ ಇತರರನ್ನು ತೆಗೆಯುವುದಾಗಲೀ ಮಾಡದಂತೆ ಗೂಗಲ್ಲೇ ತಡೆ ಇಟ್ಟಿದೆ. ಯೂಟ್ಯೂಬಿನಲ್ಲಿ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ `Permissions` ಇದೆ. ಎಡಿಟರ್ ಪಾತ್ರ ಕೊಟ್ಟವರು ವಿಡಿಯೊ ಹಾಕಬಹುದು, ಪ್ರಕಟಿಸಬಹುದು, ಆದರೆ ಈಗಾಗಲೇ ಪ್ರಕಟವಾದ ವಿಡಿಯೊ ಅಳಿಸಲಾರರು. ಚಾನೆಲ್ಲಿನ ಗಳಿಕೆ ಅವರಿಗೆ ಕಾಣಬಾರದು ಎಂದಾದರೆ ಅದಕ್ಕೂ `Editor (limited)` ಎಂಬ ಬೇರೆ ಪಾತ್ರವಿದೆ.

ವಾಟ್ಸಾಪ್ ಬಿಸಿನೆಸ್ ಮಾತ್ರ ಬೇರೆ ಜಾತಿ. ಅಲ್ಲಿ ನಾಲ್ಕು ಯಂತ್ರಗಳವರೆಗೆ ಜೋಡಿಸಬಹುದು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರಾಯಿತು. ಆದರೆ ಜೋಡಿಸಿದವರಿಗೆ ಗಿರಾಕಿಗಳ ಜೊತೆಗಿನ ಮಾತುಕತೆ ಓದಲು ಸಿಗುತ್ತದೆ, ಇದು ಕಾಣಲಿ, ಅದು ಬೇಡ ಎಂದು ಟಿಕ್ ಹಾಕುವ ಅವಕಾಶವಿಲ್ಲ. ಗಿರಾಕಿಗಳ ಮನೆ ವಿಳಾಸ, ಫೋನ್ ನಂಬರು ತುಂಬಿರುವ ಜಾಗ ಅದು. ಆದಷ್ಟೂ ಅದನ್ನು ಮನೆಯವರೇ ಇಟ್ಟುಕೊಳ್ಳುವುದು ಒಳ್ಳೆಯದು.

ಈ ವ್ಯವಸ್ಥೆಗೂ ಮಿತಿಗಳಿವೆ. ಮೆಟಾದ ಬಿಸಿನೆಸ್ ಸೂಟ್‌ನಿಂದ ಇನ್‌ಸ್ಟಾಗ್ರಾಂಗೆ ಪೋಸ್ಟ್ ಹಾಕುವಾಗ ಆ್ಯಪ್‌ನಲ್ಲಿರುವ ಎಲ್ಲವೂ ಸಿಗುವುದಿಲ್ಲ. ಸ್ಟೋರಿಯ ಸ್ಟಿಕ್ಕರುಗಳು, ಆ ವಾರ ಓಡುತ್ತಿರುವ ಹಾಡು, ಲೈವ್ ಇವಕ್ಕೆಲ್ಲ ಫೋನೇ ಬೇಕಾಗುತ್ತದೆ. ರೀಲ್ ಮಾಡುವ ಹುಡುಗ ತಕರಾರು ತೆಗೆಯುವುದು ಇಲ್ಲಿ, ಅವನ ಮಾತಿನಲ್ಲಿ ಹುರುಳೂ ಇದೆ. ಹುಡುಗ ಎಡಿಟ್ ಮಾಡಿದ ವಿಡಿಯೊ ಮತ್ತು ಒಕ್ಕಣೆ ಕಳಿಸಿ, ಒಡತಿಯೇ ತನ್ನ ಫೋನಿನಿಂದ ಹಾಡು ಸೇರಿಸಿ ಹಾಕುವುದು ಒಂದು ಉಪಾಯ. ತಿಂಗಳಿಗೆ ಎಂಟು ರೀಲಿಗೆ ಅದೇನೂ ಭಾರವಲ್ಲ. ದಿನಕ್ಕೆ ಹತ್ತು ಸ್ಟೋರಿ ಹಾಕುವ ಹೋಟೆಲಿಗೆ ಇದು ನಡೆಯುವ ಮಾತಲ್ಲ. ಅಂಥವರು ಇನ್‌ಸ್ಟಾಗ್ರಾಂ ಪಾಸ್‌ವರ್ಡನ್ನು ಕೊಡಲೇಬೇಕಾಗಿ ಬಂದರೂ ಖಾತೆಯ ಇಮೇಲ್ ಮತ್ತು ಫೋನ್ ನಂಬರ್ ತಮ್ಮದೇ ಇರುವಂತೆ ನೋಡಿಕೊಂಡರೆ, ಕೆಲಸ ಮುಗಿದ ದಿನ ಪಾಸ್‌ವರ್ಡ್ ಬದಲಿಸಿ ಎಲ್ಲ ಯಂತ್ರಗಳಿಂದ ಲಾಗೌಟ್ ಮಾಡಿದರೆ ಖಾತೆಯಾದರೂ ಕೈಯಲ್ಲಿ ಉಳಿಯುತ್ತದೆ.

ಎರಡನೆಯ ಮಿತಿ ಇನ್ನೂ ದೊಡ್ಡದು. 2023ರ ಮಾರ್ಚ್‌ನಲ್ಲಿ ಕೆನಡಾದ ಲೈನಸ್ ಟೆಕ್ ಟಿಪ್ಸ್ ಎಂಬ ಯೂಟ್ಯೂಬ್ ಚಾನೆಲ್, ಒಂದೂವರೆ ಕೋಟಿ ಚಂದಾದಾರರಿದ್ದದ್ದು, ರಾತ್ರೋರಾತ್ರಿ ಕಳ್ಳರ ಪಾಲಾಯಿತು. ಚಾನೆಲ್ಲಿನ ಹೆಸರು ಬದಲಿಸಿ ಇಲಾನ್ ಮಸ್ಕ್ ಹೆಸರಿನ ಕ್ರಿಪ್ಟೊ ಮೋಸದ ಪ್ರಸಾರ ಶುರುವಾಯಿತು. ಪಾಸ್‌ವರ್ಡ್ ಯಾರೂ ಕದ್ದಿರಲಿಲ್ಲ. ಪ್ರಾಯೋಜಕರದೆಂದು ಬಂದ ಒಂದು ಫೈಲನ್ನು ತಂಡದ ಒಬ್ಬರು ತೆರೆದಿದ್ದರು. ಅದರೊಳಗಿದ್ದ ತಂತ್ರಾಂಶ ಬ್ರೌಸರಿನಲ್ಲಿದ್ದ ಲಾಗಿನ್ ಗುರುತನ್ನೇ ನಕಲು ಮಾಡಿಕೊಂಡು ಹೋಯಿತು. ಆ ಗುರುತಿದ್ದರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ, ಒಳಗೇ ಇರುವ ಮನುಷ್ಯನಂತೆ ಯೂಟ್ಯೂಬಿಗೆ ಕಾಣುತ್ತದೆ. ಯೂಟ್ಯೂಬರ್‌ಗಳನ್ನು ಗುರಿಮಾಡಿ ಇಂಥ ಕಳ್ಳತನ 2019ರಿಂದಲೇ ನಡೆದಿದೆ ಎಂದು ಗೂಗಲ್ಲಿನ ಭದ್ರತಾ ತಂಡ 2021ರಲ್ಲಿ ಹೇಳಿತ್ತು.

ಅಂದರೆ ಹುಡುಗನ ಲ್ಯಾಪ್‌ಟಾಪ್ ಕಳ್ಳರ ಕೈಗೆ ಸಿಕ್ಕರೆ ಅವನಿಗೆ ಕೊಟ್ಟ ಅನುಮತಿಯೆಲ್ಲ ಅವರ ಕೈಗೂ ಹೋಗುತ್ತದೆ. ಇದನ್ನು ಯಾವ ಟಿಕ್ಕೂ ತಡೆಯುವುದಿಲ್ಲ. ತಡೆಯುವುದು ಹಾನಿ ಎಷ್ಟು ದೂರ ಹೋಗಬಹುದು ಎಂಬುದನ್ನು. ಅವನಿಗೆ ಭಾಗಶಃ ಅನುಮತಿ ಇದ್ದರೆ ಕಳ್ಳ ಒಂದು ಕೆಟ್ಟ ಪೋಸ್ಟ್ ಹಾಕಬಹುದು, ಖರ್ಚಿನ ಮಿತಿಯವರೆಗೆ ತನ್ನ ಜಾಹೀರಾತು ಓಡಿಸಬಹುದು. ಒಡತಿಯನ್ನು ಹೊರಹಾಕಲಾರ. ಆಕೆ ಫೋನ್ ತೆಗೆದು ಹುಡುಗನ ಹೆಸರನ್ನು ಪಟ್ಟಿಯಿಂದ ತೆಗೆದರೆ ಕಳ್ಳನೂ ಆ ಕ್ಷಣ ಹೊರಗೆ. ಹುಡುಗನ ಫೇಸ್‌ಬುಕ್ ಖಾತೆಗೂ ಎರಡು ಹಂತದ ಭದ್ರತೆ ಇರಲೇಬೇಕು ಎಂದು ಕೇಳುವುದು ಒಡತಿಯ ಹಕ್ಕು. ಪೋರ್ಟ್‌ಫೋಲಿಯೊದ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಎಲ್ಲರಿಗೂ ಕಡ್ಡಾಯ ಮಾಡುವ ಆಯ್ಕೆಯೂ ಇದೆ.

ಕೊಡುವಾಗಲೇ ಬಿಡಿಸಿಕೊಳ್ಳುವ ಮಾತನ್ನೂ ಆಡಿಟ್ಟರೆ ಚೆನ್ನ. ಅಮೆರಿಕದ ಫೋನ್‌ಡಾಗ್ ಎಂಬ ಮೊಬೈಲ್ ವಿಮರ್ಶೆಯ ತಾಣ 2010ರಲ್ಲಿ ಕೆಲಸ ಬಿಟ್ಟ ತನ್ನ ಬರಹಗಾರನ ಮೇಲೆ ಕೇಸು ಹಾಕಿತ್ತು. 17,000 ಫಾಲೋವರ್‌ಗಳಿದ್ದ ಟ್ವಿಟರ್ ಖಾತೆಯ ಹೆಸರು ಬದಲಿಸಿಕೊಂಡು ಆತ ತನ್ನ ಜೊತೆ ಒಯ್ದಿದ್ದರು. ಫಾಲೋವರ್ ಒಬ್ಬರಿಗೆ ತಿಂಗಳಿಗೆ ಎರಡೂವರೆ ಡಾಲರ್, ಎಂಟು ತಿಂಗಳಿಗೆ ಒಟ್ಟು 3,40,000 ಡಾಲರ್ ಕೊಡಿ ಎಂದು ಕಂಪನಿ ಕೇಳಿತು. ಕೊನೆಗೆ ಇಬ್ಬರೂ ರಾಜಿಯಾದರು. ಖಾತೆ ಯಾರದೆಂಬ ಪ್ರಶ್ನೆಗೆ ನ್ಯಾಯಾಲಯದ ಉತ್ತರ ಸಿಗದೇ ಹೋಯಿತು. ಪೇಜ್, ಖಾತೆ, ಆಡ್ ಅಕೌಂಟ್ ಮತ್ತು ಅದರಲ್ಲಿನ ಗಿರಾಕಿಗಳ ಮಾಹಿತಿ ಅಂಗಡಿಗೆ ಸೇರಿದ್ದು, ಕೆಲಸ ಮುಗಿದ ದಿನ ಪ್ರವೇಶ ತೆಗೆಯಲಾಗುವುದು ಎಂದು ಎರಡು ಸಾಲನ್ನು ಇಮೇಲಿನಲ್ಲಿ ಬರೆದು, ಆ ಕಡೆಯಿಂದ ಒಪ್ಪಿಗೆ ತರಿಸಿಕೊಂಡಿದ್ದರೆ ಮುಂದೆ ವಕೀಲರ ಕೈಗೆ ಕೊಡಲು ಒಂದು ಕಾಗದ ಇರುತ್ತದೆ.

ಹುಡುಗ ಬೇರೆ ಕೆಲಸ ಹಿಡಿದು ಬೆಂಗಳೂರಿಗೆ ಹೊರಟ ಎಂದಿಟ್ಟುಕೊಳ್ಳಿ. ಒಡತಿ `People` ಪಟ್ಟಿಯಿಂದ ಅವನ ಹೆಸರು ತೆಗೆಯುತ್ತಾರೆ, ಪೇಜಿನ `Page access` ಪಟ್ಟಿಯಲ್ಲಿ ಅವನು ಪ್ರತ್ಯೇಕವಾಗಿ ಉಳಿದಿದ್ದಾನೆಯೇ ಎಂದು ನೋಡುತ್ತಾರೆ, ಗೂಗಲ್ ಪ್ರೊಫೈಲಿನ ಮ್ಯಾನೇಜರ್ ಪಟ್ಟಿಯಿಂದಲೂ ತೆಗೆಯುತ್ತಾರೆ. ಹೆಚ್ಚಿನವರು ಮರೆಯುವ ಎರಡು ಸಂಗತಿಗಳಿವೆ. ಅವನು ಮುಂದಿನ ತಿಂಗಳಿಗೆಂದು ಮೊದಲೇ ಸಾಲಾಗಿ ಇಟ್ಟಿದ್ದ ಪೋಸ್ಟುಗಳು ಅವನು ಹೋದ ಮೇಲೂ ತಮ್ಮ ಪಾಡಿಗೆ ಪ್ರಕಟವಾಗಬಹುದು, ಆದ್ದರಿಂದ ಪ್ಲಾನರ್ ತೆರೆದು ನೋಡಬೇಕು. ಇನ್ನೊಂದು, ಪೋಸ್ಟ್ ಹಾಕಲೆಂದು ಇನ್‌ಸ್ಟಾಗ್ರಾಂಗೆ ಜೋಡಿಸಿದ ಹೊರಗಿನ ತಂತ್ರಾಂಶಗಳು. ಸೆಟ್ಟಿಂಗ್ಸ್‌ನ `Apps and websites` ಎಂಬಲ್ಲಿ ಗುರುತಿಲ್ಲದ ಹೆಸರು ಕಂಡರೆ ತೆಗೆಯಬೇಕು.

ಈಗಾಗಲೇ ಪೇಜ್ ಬೇರೆಯವರ ಹೆಸರಿನಲ್ಲಿ ಸಿಕ್ಕಿಬಿದ್ದಿದ್ದರೆ ಮೊದಲ ದಾರಿ ಮಾತು. ಹೆಚ್ಚಿನ ಸಂದರ್ಭಗಳಲ್ಲಿ ಅದು ಹಳೆಯ ಫ್ರೀಲಾನ್ಸರ್ ಮರೆತುಬಿಟ್ಟ ಸಂಗತಿಯಾಗಿರುತ್ತದೆ, ವೈರವಲ್ಲ. ಗೂಗಲ್ ಪ್ರೊಫೈಲಿನಲ್ಲಿ ಅವನೇ ಓನರ್ ಆಗಿದ್ದರೆ ಒಡೆತನ ಕೇಳುವ ಕೋರಿಕೆಯನ್ನು ಗೂಗಲ್ ಮೂಲಕವೇ ಕಳಿಸಬಹುದು. ಕೆಲವು ದಿನದಲ್ಲಿ ಉತ್ತರ ಬಾರದಿದ್ದರೆ ಅಂಗಡಿ ನಿಮ್ಮದೆಂದು ತೋರಿಸಿ ಪಡೆಯುವ ಅವಕಾಶ ಸಿಗುವುದುಂಟು. ಬೇಕೆಂದೇ ಖಾತೆ ಹಿಡಿದಿಟ್ಟುಕೊಂಡು ದುಡ್ಡು ಕೇಳುತ್ತಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930 ಇದೆ, `cybercrime.gov.in` ತಾಣದಲ್ಲಿ ದೂರು ಕೊಡಬಹುದು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಪಾಸ್‌ವರ್ಡನ್ನು ವಾಟ್ಸಾಪಿನಲ್ಲಿ ಕಳಿಸಿದವರು ತಾವೇ ಆಗಿದ್ದರೆ ಅಲ್ಲಿ ಮೋಸ ಎಲ್ಲಿಂದ ಶುರುವಾಯಿತು ಎಂದು ಪೊಲೀಸರಿಗೆ ವಿವರಿಸಬೇಕಾಗುತ್ತದೆ. ದೂರಿನ ಜೊತೆ ಪೇಜ್ ತೆರೆದ ದಿನದ ಇಮೇಲ್, ಜಾಹೀರಾತಿನ ಹಣ ಕಟ್ಟಿದ ರಸೀದಿ, ಅಂಗಡಿಯ ಜಿಎಸ್‌ಟಿ ಅಥವಾ ಉದ್ಯಮ ನೋಂದಣಿ ಪತ್ರ ಇಟ್ಟುಕೊಂಡು ಹೋದರೆ ಆ ವಿವರಣೆಗೆ ಬಲ ಬರುತ್ತದೆ.